ಮೊದಲು ಕತ್ತರಿಸು, ಆಮೇಲೆ ಕುಗ್ಗಿಸು

ಬ್ಯಾಂಕ್ ಪರೀಕ್ಷೆಗೆಂದು ವರ್ಷವಿಡೀ ಓದುತ್ತೀಯ. ಅರ್ಜಿ ಹಾಕುವುದನ್ನು ಮಾತ್ರ ಕೊನೆಯ ದಿನದ ರಾತ್ರಿಗೆ ಇಟ್ಟುಕೊಳ್ಳುತ್ತೀಯ. ಎಂಥ ಅಂಬೆರ್ಪು ಮಗಾ ನಿನ್ನದು! ಐಬಿಪಿಎಸ್ ಅರ್ಜಿಗಳು ಹೆಚ್ಚಾಗಿ ಬರುವುದೇ ಮಳೆಗಾಲದಲ್ಲಿ. ಕುಂಬ್ರದ ಜೆರಾಕ್ಸ್ ಅಂಗಡಿ ಬಾಗಿಲು ಹಾಕಿರುತ್ತದೆ, ಕರೆಂಟು ಹೋಗಿರುತ್ತದೆ, ಮೊಬೈಲಿನಲ್ಲಿ ಒಂದೇ ಗೀಟು ನೆಟ್‌ವರ್ಕ್ ಉಳಿದಿರುತ್ತದೆ. ಆ ಹೊತ್ತಿಗೆ ನಿನ್ನ ಫೋಟೋ ತೆಗೆದುಕೊಳ್ಳುವುದಿಲ್ಲವೆಂದು ಪೋರ್ಟಲ್ ಹೇಳುತ್ತದೆ. ನೀನು ಹೇಗೋ ಎಳೆದು, ಹಿಂಡಿ, ತುರುಕಿ ಮುಗಿಸುತ್ತೀಯ. ಹಾಗೆ ತುರುಕಿದ ಮುಖವೇ ಪರೀಕ್ಷೆಯ ಕೋಣೆಯಲ್ಲಿ ನಿನ್ನೆದುರು ಬಂದು ಕೂರುತ್ತದೆ.

ನಮ್ಮ ಜಿಲ್ಲೆಯ ಮಕ್ಕಳಿಗೆ ಬ್ಯಾಂಕ್ ಕೆಲಸ ಹೊಸದಲ್ಲ. ಕೆನರಾ ಮತ್ತು ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ, ಸಿಂಡಿಕೇಟ್ 1925ರಲ್ಲಿ, ವಿಜಯಾ 1931ರಲ್ಲಿ ಈ ಕರಾವಳಿಯಲ್ಲೇ ಹುಟ್ಟಿದವು. ಆಗೆಲ್ಲ ಅರ್ಜಿಯ ಮೇಲೆ ಗೋಂದು ಹಚ್ಚಿ ಫೋಟೋ ಅಂಟಿಸಿದರೆ ಆಯಿತು, ಸ್ವಲ್ಪ ವಾರೆಯಾದರೂ ಕಣ್ಣಿದ್ದವರು ಮುಖ ನೋಡಿಕೊಳ್ಳುತ್ತಿದ್ದರು. ಈಗ ಮೊದಲು ನೋಡುವುದು ಯಂತ್ರ. ಅದಕ್ಕೆ ನಿನ್ನ ಮುಖ ಬೇಡ, ಲೆಕ್ಕ ಬೇಕು. ಮುಖ ನೋಡುವ ಮನುಷ್ಯ ಬರುವುದು ಆಮೇಲೆ. ಇಬ್ಬರೂ ಒಪ್ಪುವ ಹಾಗೆ ಮಾಡಬೇಕಾದ ಕೆಲಸ ಇದು.

ಲೆಕ್ಕ ಏನೆಂದು ಮೊದಲು ನೋಡು. ಐಬಿಪಿಎಸ್ ಅಧಿಸೂಚನೆಯ ಕೊನೆಯಲ್ಲಿ ಸ್ಕ್ಯಾನ್ ಮಾಡುವ ಬಗ್ಗೆ ಒಂದು ಅನುಬಂಧ ಇರುತ್ತದೆ. ನೀನು ಅಲ್ಲಿಯವರೆಗೆ ಓದುವುದೇ ಇಲ್ಲ. ಫೋಟೋ 200 ಪಿಕ್ಸೆಲ್ ಅಗಲ, 230 ಪಿಕ್ಸೆಲ್ ಎತ್ತರ, 20ರಿಂದ 50 ಕೆಬಿ. ಸಹಿ 140 ಅಗಲ, 60 ಎತ್ತರ, 10ರಿಂದ 20 ಕೆಬಿ. ಎಡಗೈ ಹೆಬ್ಬೆರಳಿನ ಗುರುತು ಮತ್ತು ಕೈಬರಹದ ಘೋಷಣೆಗೂ ಅಲ್ಲೇ ಅಳತೆ ಇದೆ. ಫೋಟೋ ಮತ್ತು ಸಹಿ ಎರಡನ್ನು ಸರಿಯಾಗಿ ಕಲಿತರೆ ಉಳಿದೆರಡು ತಾನಾಗಿ ಬರುತ್ತವೆ.

ನೀನು ಮಾಡುವುದೇನು? ಮೊಬೈಲಿನಲ್ಲಿ ತೆಗೆದ ಫೋಟೋವನ್ನು ಪೇಂಟ್‌ನಲ್ಲಿ ತೆರೆದು, Resize ಒತ್ತಿ, ಅಗಲಕ್ಕೆ 200, ಎತ್ತರಕ್ಕೆ 230 ಎಂದು ಬರೆಯುತ್ತೀಯ. ಒಂದಕ್ಕೆ ಬರೆದರೆ ಇನ್ನೊಂದು ತಾನಾಗಿ ಬದಲಾಗುತ್ತದೆ. ಅದು ನಿನಗೆ ಉಪದ್ರವೆನಿಸಿ Maintain aspect ratio ಎಂಬಲ್ಲಿನ ಗುರುತು ತೆಗೆದುಬಿಡುತ್ತೀಯ. ತಪ್ಪುವುದೇ ಅಲ್ಲಿ. ಆ ಗುರುತು ನಿನ್ನ ಮುಖದ ಕಾವಲು, ಉಪದ್ರವ ಅಲ್ಲ.

ಒಂದು ಉದಾಹರಣೆ ಲೆಕ್ಕ ಹಾಕಿಯೇ ನೋಡೋಣ. ನಿನ್ನ ಫೋಟೋ 3000 ಅಗಲ, 4000 ಎತ್ತರ ಇದೆ ಎಂದಿಟ್ಟುಕೋ. ಅಗಲ 200 ಆಗಬೇಕಾದರೆ ಹದಿನೈದರಲ್ಲಿ ಒಂದು ಪಾಲಿಗೆ ಇಳಿಯಬೇಕು. ಎತ್ತರವೂ ಅಷ್ಟೇ ಇಳಿದರೆ 267 ಆಗುತ್ತದೆ. ಅದನ್ನು ನೀನು 230ಕ್ಕೆ ಒತ್ತಿದರೆ ಮುಖದ ಎತ್ತರದಲ್ಲಿ ಸುಮಾರು ಏಳರಲ್ಲಿ ಒಂದು ಪಾಲು ಹೋಯಿತು. ಕೆನ್ನೆ ಊದುತ್ತದೆ, ಗಲ್ಲ ಗಿಡ್ಡವಾಗುತ್ತದೆ. ಪೋರ್ಟಲ್ ತುಟಿಪಿಟಕ್ಕೆನ್ನದೆ ಅದನ್ನು ತೆಗೆದುಕೊಳ್ಳುತ್ತದೆ. ಮೇಲ್ವಿಚಾರಕರು ಮಾತ್ರ ಫೋಟೋವನ್ನೂ ನಿನ್ನನ್ನೂ ಎರಡೆರಡು ಸಲ ನೋಡುತ್ತಾರೆ.

ದಾರಿ ಸುಲಭ. ಕುಗ್ಗಿಸುವ ಮೊದಲು ಕತ್ತರಿಸು. 3000 ಅಗಲಕ್ಕೆ ಸರಿಹೊಂದುವ ಎತ್ತರ ಎಷ್ಟು? 3000ವನ್ನು 230ರಿಂದ ಗುಣಿಸಿ 200ರಿಂದ ಭಾಗಿಸು. 3450 ಬರುತ್ತದೆ. ಅಂದರೆ ಎತ್ತರದಲ್ಲಿ 550 ಪಿಕ್ಸೆಲ್ ಹೆಚ್ಚಿಗೆ ಇದೆ. ತಲೆಯ ಮೇಲಿನ ಖಾಲಿ ಗೋಡೆಯಿಂದ ಸ್ವಲ್ಪ, ಎದೆಯ ಕೆಳಗಿನಿಂದ ಉಳಿದದ್ದು ಕತ್ತರಿಸಿ ತೆಗೆ. ಮುಖಕ್ಕೆ ಕತ್ತರಿ ತಾಗುವುದೇ ಇಲ್ಲ. ಪೇಂಟ್‌ನಲ್ಲಿ ಆಯ್ದ ಭಾಗದ ಅಳತೆ ಕೆಳಗಿನ ಪಟ್ಟಿಯಲ್ಲಿ ಕಾಣಿಸುತ್ತಿರುತ್ತದೆ. ಅದನ್ನು ನೋಡಿಕೊಂಡು Crop ಒತ್ತು.

ಈಗ Resizeಗೆ ಹೋಗಿ Pixels ಎಂಬುದನ್ನು ಆಯ್ದುಕೋ. ಕಾವಲಿನ ಗುರುತು ಹಾಗೆಯೇ ಇರಲಿ. ಅಗಲದ ಜಾಗದಲ್ಲಿ 200 ಎಂದಷ್ಟೇ ಬರೆ. ಎತ್ತರದ ಜಾಗದಲ್ಲಿ ತಾನಾಗಿ 230 ಬಂದರೆ ಕತ್ತರಿಸಿದ್ದು ಸರಿಯಾಗಿದೆ. 267 ಬಂದರೆ ನೀನು ಕತ್ತರಿಸಿಯೇ ಇಲ್ಲ. 229, 231 ಬಂದರೆ ಗಾಬರಿ ಬೇಡ. ಆ ಒಂದು ಪಿಕ್ಸೆಲಿಗೆ ಮಾತ್ರ ಗುರುತು ತೆಗೆದು ಸರಿಮಾಡಿಕೋ, ಯಾರ ಕಣ್ಣಿಗೂ ಗೊತ್ತಾಗುವುದಿಲ್ಲ. ಈ ಪರೀಕ್ಷೆ ಪುಕ್ಕಟೆ, ಅರೆ ನಿಮಿಷದ್ದು. ಮಾಡದೆ ಮುಂದೆ ಹೋಗಬೇಡ.

ಇನ್ನೊಂದು ವಿಕಾರ ಕಂಪ್ಯೂಟರಿಗೆ ಬರುವ ಮೊದಲೇ ಆಗಿರುತ್ತದೆ. ಕೈ ಚಾಚಿ ಸೆಲ್ಫಿ ತೆಗೆದರೆ ಕ್ಯಾಮೆರಾ ತೀರಾ ಹತ್ತಿರವಾಗಿ ಮೂಗು ದೊಡ್ಡದಾಗುತ್ತದೆ, ಕಿವಿ ಹಿಂದೆ ಸರಿಯುತ್ತದೆ. ಅದನ್ನು ಯಾವ ಕತ್ತರಿಯೂ ಸರಿಮಾಡದು. ತಂಗಿಯ ಕೈಗೆ ಮೊಬೈಲ್ ಕೊಟ್ಟು ಐದಾರು ಅಡಿ ದೂರ ನಿಲ್ಲಿಸು, ಹಿಂದಿನ ಕ್ಯಾಮೆರಾದಿಂದ ತೆಗೆಸು. ಹಗಲಿನಲ್ಲಿ ಜಗಲಿಯ ಬೆಳಕು ಸಾಕು, ಹಿಂದೆ ಬಿಳಿ ಗೋಡೆ ಇರಲಿ. ಆ ಫೋಟೋವನ್ನು ಅಂಗಡಿಯವರಿಗೆ ವಾಟ್ಸಾಪಿನಲ್ಲಿ ಕಳುಹಿಸುವುದಿದ್ದರೆ ಡಾಕ್ಯುಮೆಂಟ್ ಆಗಿ ಕಳುಹಿಸು. ಫೋಟೋ ಎಂದು ಕಳುಹಿಸಿದರೆ ದಾರಿಯಲ್ಲೇ ಅದನ್ನು ಹಿಂಡಿ ಸಣ್ಣದು ಮಾಡಿರುತ್ತದೆ.

ಇನ್ನು ಕೆಬಿ ವಿಷಯ. ನೀನು ಎಡವುವ ಎರಡನೆಯ ಜಾಗ ಇದು. ಪಿಕ್ಸೆಲ್ ಸರಿಯಾದರೆ ಕೆಬಿಯೂ ಸರಿಯಾಗುತ್ತದೆ ಎಂದುಕೊಂಡಿದ್ದೀಯ. ಅಡಿಕೆ ಸುಲಿದ ಮನೆಯವನು ನೀನು, ನಿನಗೆ ಇದು ಗೊತ್ತಿರಬೇಕು. ಸಾವಿರ ಹಣ್ಣಡಿಕೆ ಎಣಿಸಿ ಅಂಗಳಕ್ಕೆ ಹಾಕಿದರೆ, ಒಣಗಿ ಚಾಲಿ ಆದಮೇಲೂ ಎಣಿಕೆ ಸಾವಿರವೇ, ತೂಕ ಮಾತ್ರ ಇಳಿದಿರುತ್ತದೆ. ಪಿಕ್ಸೆಲ್ ಎಂದರೆ ಎಣಿಕೆ, ಕೆಬಿ ಎಂದರೆ ತೂಕ. ಜೆಪಿಜಿ ಮಾಡುವ ಕೆಲಸ ಒಣಗಿಸುವುದು.

200 ಅಗಲ, 230 ಎತ್ತರ ಎಂದರೆ 46,000 ಚುಕ್ಕಿ. ಒಂದೊಂದು ಚುಕ್ಕಿಯ ಬಣ್ಣಕ್ಕೆ ಮೂರು ಬೈಟ್. ಒಣಗಿಸದೆ ಇಟ್ಟರೆ ಸುಮಾರು 135 ಕೆಬಿ. ಜೆಪಿಜಿ ಇದನ್ನು ಎಷ್ಟು ಹಿಂಡುತ್ತದೆ ಎಂಬುದು Quality ಎಂಬ ಅಂಕಿಯ ಮೇಲೆ ನಿಂತಿದೆ. ಅದನ್ನು ಇಳಿಸಿದರೆ ಕಡತ 20 ಕೆಬಿಗಿಂತ ಕೆಳಗೆ ಹೋಗುತ್ತದೆ, ತೀರಾ ಇಳಿಸಿದರೆ ಮುಖದ ಮೇಲೆ ಚೌಕ ಚೌಕ ಕಲೆ ಬೀಳುತ್ತದೆ. 50ಕ್ಕಿಂತ ಹೆಚ್ಚಾದರೆ ತೆಗೆದುಕೊಳ್ಳುವುದಿಲ್ಲ ಎಂದು ಎಲ್ಲರಿಗೂ ಗೊತ್ತು. 20ಕ್ಕಿಂತ ಕಡಿಮೆಯಾದರೂ ತೆಗೆದುಕೊಳ್ಳುವುದಿಲ್ಲ ಎಂಬುದನ್ನು ಮರೆಯುವವರೇ ಹೆಚ್ಚು.

ಪೇಂಟ್‌ನಲ್ಲಿ ಈ ಅಂಕಿಯನ್ನು ಏರಿಸಿ ಇಳಿಸಲು ಬರುವುದಿಲ್ಲ. ಜಿಂಪ್ ಎಂಬ ಪುಕ್ಕಟೆ ತಂತ್ರಾಂಶದಲ್ಲಿ ಬರುತ್ತದೆ. Export As ಒತ್ತಿ ಜೆಪಿಜಿ ಎಂದು ಉಳಿಸುವಾಗ Quality ಕೇಳುತ್ತದೆ. ಮೊದಲು 95 ಇಟ್ಟು ನೋಡು. ಹಗುರವಾದರೆ ಏರಿಸು, ಭಾರವಾದರೆ ಇಳಿಸು. 30ರಿಂದ 40 ಕೆಬಿಯ ನಡುವೆ ಬಂದರೆ ನಿಶ್ಚಿಂತೆ, ಅಂಚಿನಲ್ಲಿ ನಿಲ್ಲಿಸಬೇಡ. ಪ್ರತಿ ಸಲವೂ ಮೂಲ ಫೋಟೋದಿಂದಲೇ ಶುರುಮಾಡು. ಒಮ್ಮೆ ಹಿಂಡಿದ್ದನ್ನು ಮತ್ತೆ ಹಿಗ್ಗಿಸಿದರೆ ಕೆಬಿ ಏರಬಹುದು, ಕಳೆದುಹೋದ ಕಣ್ಣು ಮೂಗು ಮರಳಿ ಬರುವುದಿಲ್ಲ. ಕೆಬಿ ನೋಡುವಾಗ Properties ಒಳಗೆ Size ಎಂಬುದನ್ನು ನೋಡು. ಅದರ ಕೆಳಗಿನ Size on disk ಬೇರೆ ಲೆಕ್ಕ, ಅದನ್ನು ನಂಬಬೇಡ.

ಈಗ ಸಹಿ. ಬ್ಯಾಂಕಿನ ಕೌಂಟರಿನಲ್ಲಿ ಕೂತು ಮಾದರಿ ಸಹಿಯ ಪಕ್ಕದಲ್ಲಿ ಚೆಕ್ ಇಟ್ಟು ನೋಡುವುದೇ ನನ್ನ ಕೆಲಸವಾಗಿತ್ತು. ಅಕ್ಷರಕ್ಕಿಂತ ಹೆಚ್ಚಾಗಿ ನಾವು ನೋಡುತ್ತಿದ್ದದ್ದು ಅದರ ಓಟ, ಬಾಗು, ಉದ್ದ-ಎತ್ತರದ ಹದ. ನೀನು ಎಳೆದು ಕೆಡಿಸುವುದು ಅದನ್ನೇ. ಉದ್ದ ಸಹಿಯನ್ನು 140, 60ರೊಳಗೆ ತುರುಕಿದರೆ ಅಕ್ಷರಗಳು ಕತ್ತು ಚಾಚಿ ನಿಲ್ಲುತ್ತವೆ. ಪರೀಕ್ಷೆಯ ದಿನ ಹಾಜರಿ ಪಟ್ಟಿಯಲ್ಲಿ ನೀನು ಹಾಕುವ ಸಹಿ ಅದಕ್ಕೆ ಹೊಂದಬೇಕು.

140 ಅಗಲಕ್ಕೆ 60 ಎತ್ತರ ಎಂದರೆ ಏಳಕ್ಕೆ ಮೂರು. ಗೆರೆಯಿಲ್ಲದ ಬಿಳಿ ಹಾಳೆಯಲ್ಲಿ ಪೆನ್ಸಿಲಿನಿಂದ 7 ಸೆಂಟಿಮೀಟರ್ ಅಗಲ, 3 ಸೆಂಟಿಮೀಟರ್ ಎತ್ತರದ ಚೌಕಟ್ಟು ಎಳೆ. ಅದರೊಳಗೆ ಕಪ್ಪು ಶಾಯಿಯ ಪೆನ್ನಿನಿಂದ ಯಾವಾಗಲೂ ಹಾಕುವ ಸಹಿಯನ್ನೇ ಹಾಕು. ಇಂಗ್ಲಿಷಿನ ದೊಡ್ಡಕ್ಷರಗಳಲ್ಲೇ ಬರೆದ ಸಹಿಯನ್ನು ಐಬಿಪಿಎಸ್ ಒಪ್ಪುವುದಿಲ್ಲ. ಸಹಿ ಚೌಕಟ್ಟನ್ನು ಸಾಕಷ್ಟು ತುಂಬಲಿ. ಮೂಲೆಯಲ್ಲಿ ಸಣ್ಣಗೆ ಹಾಕಿದರೆ ಕುಗ್ಗಿದ ಮೇಲೆ ಇರುವೆ ಸಾಲೇ ಸರಿ. ನಿನ್ನ ಸಹಿ ಉದ್ದವಾಗಿದ್ದರೆ ಮೇಲೆ ಕೆಳಗೆ ಬಿಳಿ ಜಾಗ ಬಿಡು, ಅದರಿಂದ ಯಾವ ನಷ್ಟವೂ ಇಲ್ಲ.

ಹಾಳೆಯನ್ನು ಕಿಟಕಿಯ ಬಳಿ ಇಟ್ಟು ನೇರ ಮೇಲಿನಿಂದ ಫೋಟೋ ತೆಗೆ. ವಾರೆಯಾಗಿ ತೆಗೆದರೆ ಚೌಕಟ್ಟಿನ ಒಂದು ಬದಿ ಅಗಲ, ಇನ್ನೊಂದು ಬದಿ ಕಿರಿದಾಗಿ ಕಾಣುತ್ತದೆ. ನಾಲ್ಕು ಮೂಲೆಯೂ ನೆಟ್ಟಗಿದ್ದರೆ ಮಾತ್ರ ಮುಂದುವರಿ. ಗೆರೆಯ ಒಳಗಿನಿಂದ ಏಳಕ್ಕೆ ಮೂರರಂತೆ, 2100ಕ್ಕೆ 900 ಎಂದು ಕತ್ತರಿಸಿ, 140ಕ್ಕೆ ಕುಗ್ಗಿಸು. 60 ತಾನಾಗಿ ಬರುತ್ತದೆ.

ಆಗ ಕಡತ ಕೆಲವೇ ಕೆಬಿ ಆಗಿರುತ್ತದೆ, ಪೋರ್ಟಲ್ 10 ಕೇಳುತ್ತದೆ. ಕಾರಣ ಸರಳ. ಇಲ್ಲಿರುವುದು ಬರೀ 8,400 ಚುಕ್ಕಿ, ಅದರಲ್ಲೂ ಹೆಚ್ಚಿನದು ಬಿಳಿ ಕಾಗದ. ಒಣಗಿಸದಿದ್ದರೂ 25 ಕೆಬಿ ದಾಟದು. ಮೊದಲು Quality ಏರಿಸಿ ನೋಡು. ಆದರೂ ಸಾಲದಿದ್ದರೆ ಅನುಬಂಧವನ್ನು ಮತ್ತೆ ಓದು. 140, 60ರ ಪಕ್ಕದಲ್ಲಿ preferred ಎಂದಿದೆ. ಅಂದರೆ ಆ ಅಳತೆ ಇದ್ದರೆ ಒಳ್ಳೆಯದು ಅಷ್ಟೆ. ಹಾಗಾಗಿ ಅದೇ ಏಳಕ್ಕೆ ಮೂರರ ಹದದಲ್ಲಿ 280ಕ್ಕೆ 120 ಮಾಡು. ಚುಕ್ಕಿ ನಾಲ್ಕು ಪಟ್ಟಾಗುತ್ತದೆ, ಕೆಬಿಯೂ ಏರುತ್ತದೆ, ಸಹಿಯ ರೂಪ ಕೆಡುವುದಿಲ್ಲ. ಬೇರೆ ಇಲಾಖೆಯ ಅರ್ಜಿಯಲ್ಲಿ ಇಷ್ಟೇ ಪಿಕ್ಸೆಲ್ ಇರಬೇಕು ಎಂದು ಖಡಾಖಂಡಿತವಾಗಿ ಬರೆದಿದ್ದರೆ ಈ ಉಪಾಯ ನಡೆಯದು. ಅಲ್ಲಿ Quality ಒಂದೇ ದಾರಿ.

ಒಂದು ಎಚ್ಚರಿಕೆ. ಫೋಟೋ ಸಣ್ಣದು ಮಾಡಿಕೊಡುತ್ತೇವೆಂದು ಕರೆಯುವ ಗುರುತಿಲ್ಲದ ಜಾಲತಾಣಕ್ಕೆ ಸಹಿಯನ್ನು ಕೊಡಬೇಡ. ಜೆರಾಕ್ಸ್ ಅಂಗಡಿಯಲ್ಲಿ ಮಾಡಿಸಿದರೂ, ಅಲ್ಲಿನ ಕಂಪ್ಯೂಟರಿನಿಂದ ನಿನ್ನ ಸಹಿಯನ್ನು ಅಳಿಸಿಯೇ ಹೊರಡು. ನಿನ್ನ ಮುಖ ಊರಿಗೆಲ್ಲ ಕಾಣುವಂಥದ್ದು, ಸಹಿ ಹಾಗಲ್ಲ.

ಅರ್ಜಿ ಕೊನೆಯದಾಗಿ ಒಪ್ಪಿಸುವ ಮೊದಲು ಪರದೆಯ ಮೇಲೆ ಎರಡನ್ನೂ ನೋಡು. ಫೋಟೋದ ಜಾಗದಲ್ಲಿ ಫೋಟೋ, ಸಹಿಯ ಜಾಗದಲ್ಲಿ ಸಹಿ ಇದೆಯೇ? ನಗಬೇಡ, ಅದಲುಬದಲು ಮಾಡುವವರಿದ್ದಾರೆ. ಮೂಲ ಫೋಟೋವನ್ನು ಪಕ್ಕದಲ್ಲಿಟ್ಟು ಅಮ್ಮನನ್ನು ಕರೆದು ತೋರಿಸು. ಅವಳು ತಡೆಯದೆ ನೀನೇ ಎಂದರೆ ಒಪ್ಪಿಸು, ಒಂದು ಕ್ಷಣ ಅನುಮಾನಿಸಿದರೆ ಮತ್ತೆ ಕತ್ತರಿಸು. ಈ ಕೆಲಸವನ್ನೆಲ್ಲ ಅಧಿಸೂಚನೆ ಬಂದ ವಾರದಲ್ಲೇ ಮಾಡಿ ಮುಗಿಸು ಮಗಾ. ಕೊನೆಯ ರಾತ್ರಿಗೆ ಮಾತ್ರ ಇಡಬೇಡ.