ಪಿ.ಸಿ.ಓ.ಎಸ್.: ತೂಕದೊಡನೆ ಊಟದ ಲೆಕ್ಕವೂ

ಪಿ.ಸಿ.ಓ.ಎಸ್. ತೊಂದರೆಯಿರುವ, 70 ಕಿಲೋ ತೂಕದ, ಮುಂಬಯಿಯಲ್ಲಿ ಉದ್ಯೋಗದಲ್ಲಿರುವ ತರುಣಿಯೊಬ್ಬಳನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಆಕೆಯ ಸೊಂಟದ ಸುತ್ತಳತೆ 88 ಸೆಂಟಿಮೀಟರ್; ಕತ್ತಿನ ಹಿಂಭಾಗದ ಚರ್ಮ ಕಪ್ಪಾಗಿ ದಪ್ಪಗಾಗಿದೆ. ದೇಹವು ಇನ್ಸುಲಿನ್ನಿಗೆ ಸರಿಯಾಗಿ ಮಣಿಯುತ್ತಿಲ್ಲವೆಂಬುದಕ್ಕೆ ಇವು ಸೂಚನೆಗಳು. ಆಗ ಹೆಚ್ಚಾಗಿ ಸ್ರವಿಸುವ ಇನ್ಸುಲಿನ್ ಅಂಡಾಶಯದಲ್ಲಿ ಪುರುಷ ಹಾರ್ಮೋನುಗಳನ್ನು ಹೆಚ್ಚಿಸಿ, ಮುಟ್ಟನ್ನು ಏರುಪೇರು ಮಾಡುತ್ತದೆ.

ಮೂರು ದಿನಗಳ ಆಹಾರವನ್ನು ವೇಳೆಸಹಿತ ಬರೆದಿಟ್ಟರೆ ದೋಷವೆಲ್ಲಿದೆಯೆಂದು ತಿಳಿಯುತ್ತದೆ: ಬೆಳಿಗ್ಗೆ ಬರಿಯ ಸಿಹಿ ಚಹಾ, ಸಂಜೆ ರೈಲು ಹತ್ತುವ ಮೊದಲು ವಡಾಪಾವ್, ರಾತ್ರಿ ಹತ್ತಕ್ಕೆ ತಟ್ಟೆ ತುಂಬ ಅನ್ನ.

ಆರು ತಿಂಗಳಲ್ಲಿ ಶೇಕಡಾ 5, ಅಂದರೆ ಮೂರೂವರೆ ಕಿಲೋ ಇಳಿಸುವುದು ಸಾಧ್ಯವಾದ ಗುರಿ. ಮೊದಲ ತಿಂಗಳು ಎರಡೇ ಬದಲಾವಣೆ ಸಾಕು: ಬೆಳಿಗ್ಗೆ ಹೆಸರುಬೇಳೆ ದೋಸೆ, ಸಂಜೆ ವಡಾಪಾವಿನ ಬದಲು ಹುರಿಗಡಲೆ. ತೂಕ ನಿಂತಲ್ಲೇ ನಿಂತರೂ ಸುತ್ತಳತೆ ಇಳಿದು ಮುಟ್ಟು ಕ್ರಮಕ್ಕೆ ಬರುತ್ತಿದ್ದರೆ ದಾರಿ ಸರಿಯೆಂದೇ ತಿಳಿಯಬೇಕು.