ನಿಶ್ಚಿತ ಠೇವಣಿಯ ರಸೀದಿ: ಮುದ್ರಿತ ಮೊತ್ತ ಮತ್ತು ಕೈಸೇರುವ ಮೊತ್ತ

(ಪ್ರೌಢಶಾಲಾ ಗಣಿತ, ಚಕ್ರಬಡ್ಡಿ ಘಟಕಕ್ಕೆ ಪೂರಕ ಪಾಠ)

ಚಕ್ರಬಡ್ಡಿಯ ಸೂತ್ರವನ್ನು ಕಲಿತ ವಿದ್ಯಾರ್ಥಿಯು ಬ್ಯಾಂಕಿನ ನಿಶ್ಚಿತ ಠೇವಣಿಯ ರಸೀದಿಯಲ್ಲಿ ಅಚ್ಚಾಗಿರುವ ಕೊನೆಯ ಮೊತ್ತವನ್ನು ತಾನೇ ಲೆಕ್ಕ ಹಾಕಿ ತಾಳೆ ನೋಡಬಲ್ಲನು. ಆದರೆ ಆ ಮೊತ್ತವೇ ಠೇವಣಿದಾರರ ಕೈಸೇರುತ್ತದೆಂದು ಹೇಳಲು ಬರುವುದಿಲ್ಲ. ಎರಡರ ನಡುವಿನ ಅಂತರವು ಎಲ್ಲಿಂದ ಬರುತ್ತದೆ, ಅದರಲ್ಲಿ ಎಷ್ಟನ್ನು ತಪ್ಪಿಸಬಹುದು ಎಂಬುದೇ ಈ ಪಾಠದ ವಿಷಯ.

ಗಡಿನಾಡಿನ ನಮ್ಮ ಶಾಲೆಗಳಲ್ಲಿ ಇದಕ್ಕೆ ಇನ್ನೊಂದು ಉಪಯೋಗವೂ ಉಂಟು. ಕಾಸರಗೋಡಿನಲ್ಲಾಗಲಿ ಅಕ್ಕಲಕೋಟೆಯಲ್ಲಾಗಲಿ ರಸೀದಿಯ ಮುಖ್ಯ ವಿವರಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿಯೇ ಇರುತ್ತವೆ. ಕನ್ನಡ ಮಾತ್ರ ಓದಬಲ್ಲ ಹಿರಿಯರು ಅದನ್ನು ಮೊಮ್ಮಕ್ಕಳಿಂದಲೋ ಊರಿನ ಮೇಷ್ಟರಿಂದಲೋ ಓದಿಸಿಕೊಳ್ಳುತ್ತಾರೆ. ಓದಿ ಹೇಳುವವರು ಅಂಕಿಯನ್ನಷ್ಟೇ ಹೇಳಿದರೆ ಸಾಲದು. ಅದರ ಅರ್ಥವನ್ನೂ ಹೇಳಬೇಕಾಗುತ್ತದೆ.

ಒಂದು ಮಾದರಿ ರಸೀದಿಯನ್ನು ಕರಿಹಲಗೆಯ ಮೇಲೆ ಬರೆದುಕೊಳ್ಳೋಣ. ಠೇವಣಿದಾರರು 63 ವರ್ಷದ ನಿವೃತ್ತ ಶಿಕ್ಷಕರು. ನಿವೃತ್ತಿಯ ವೇಳೆ ಬಂದ ಹಣದಲ್ಲಿ 15,00,000 ರೂಪಾಯಿಗಳನ್ನು 2025ರ ಏಪ್ರಿಲ್ 3ರಂದು ಮೂರು ವರ್ಷಗಳಿಗೆ ಇಟ್ಟಿದ್ದಾರೆ. ಬಡ್ಡಿದರ ವರ್ಷಕ್ಕೆ ಶೇಕಡಾ 7.5. ಅವಧಿ ಮುಗಿಯುವ ದಿನ 2028ರ ಏಪ್ರಿಲ್ 3. ‘ಮೆಚ್ಯೂರಿಟಿ ವ್ಯಾಲ್ಯೂ’ ಎಂಬಲ್ಲಿ 18,74,575 ಎಂದೂ, ಬಡ್ಡಿ ಪಾವತಿಯ ಸಾಲಿನಲ್ಲಿ ‘ಕ್ಯುಮುಲೇಟಿವ್’ ಎಂದೂ ಇದೆ. ಈ ದರವು ಲೆಕ್ಕಕ್ಕಾಗಿ ಆರಿಸಿಕೊಂಡದ್ದು. ತರಗತಿಯಲ್ಲಿ ನಿಮ್ಮ ಊರಿನ ಶಾಖೆಯ ಅಂದಿನ ದರವನ್ನು ಬಳಸಬಹುದು.

ಮೊದಲು ಬಡ್ಡಿ ಪಾವತಿಯ ಸಾಲನ್ನು ಓದಬೇಕು. ಉಳಿದ ಅಂಕಿಗಳ ಅರ್ಥವು ಈ ಒಂದು ಪದದಿಂದಲೇ ನಿಶ್ಚಯವಾಗುತ್ತದೆ. ‘ಕ್ಯುಮುಲೇಟಿವ್’ ಎಂದರೆ ಬಡ್ಡಿಯು ಕೈಗೆ ಬಾರದೆ ಅಸಲಿಗೆ ಸೇರುತ್ತ ಹೋಗುವುದು. ನಮ್ಮ ಬ್ಯಾಂಕುಗಳಲ್ಲಿ ಇಂತಹ ಠೇವಣಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಬಡ್ಡಿ ಸೇರುತ್ತದೆ. ಆದ್ದರಿಂದ ಸೂತ್ರದಲ್ಲಿ ವಾರ್ಷಿಕ ದರವನ್ನು ನಾಲ್ಕರಿಂದ ಭಾಗಿಸಿ, ಮೂರು ವರ್ಷಗಳನ್ನು ಹನ್ನೆರಡು ತ್ರೈಮಾಸಿಕಗಳೆಂದು ಎಣಿಸಬೇಕು:

15,00,000 × (1 + 0.075/4)^12 = 18,74,575

ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಬಡ್ಡಿ ಸೇರುವಂತೆ ಲೆಕ್ಕ ಮಾಡಿ ರಸೀದಿಯೇ ತಪ್ಪೆಂದು ಹೇಳುವ ಸಂಭವವಿದೆ. ಹಾಗೆ ಮಾಡಿದರೆ 18,63,445 ಬರುತ್ತದೆ. ಉತ್ತರವು ರಸೀದಿಗಿಂತ ಕಡಿಮೆ ಬಂದರೆ ಬಡ್ಡಿ ಸೇರುವ ಅವಧಿಯನ್ನು ಮತ್ತೊಮ್ಮೆ ಪರಿಶೀಲಿಸುವಂತೆ ಸೂಚಿಸಿರಿ.

ಇದೇ ಠೇವಣಿಯನ್ನು ತ್ರೈಮಾಸಿಕ ಪಾವತಿಗೆ ಇಟ್ಟಿದ್ದರೆ ಮೂರು ತಿಂಗಳಿಗೊಮ್ಮೆ 28,125 ರೂಪಾಯಿ ಉಳಿತಾಯ ಖಾತೆಗೆ ಬರುತ್ತಿತ್ತು. ರಸೀದಿಯ ಕೊನೆಯ ಮೊತ್ತ 15,00,000 ಎಂದೇ ಇರುತ್ತಿತ್ತು. ಇದನ್ನು ಕಂಡು ‘ಮೂರು ವರ್ಷ ಇಟ್ಟರೂ ಒಂದು ರೂಪಾಯಿ ಬೆಳೆಯಲಿಲ್ಲವಲ್ಲ’ ಎಂದು ಗಾಬರಿಗೊಳ್ಳುವ ಹಿರಿಯರಿದ್ದಾರೆ. ಬಡ್ಡಿಯು ಆಗಲೇ ಕೈಸೇರಿರುವುದರಿಂದ ಕೊನೆಗೆ ಅಸಲು ಮಾತ್ರ ಉಳಿಯುತ್ತದೆ.

ಮಾಸಿಕ ಪಾವತಿಯ ವಿಷಯದಲ್ಲಿ ಇನ್ನೊಂದು ಸಂದೇಹ ಹುಟ್ಟುತ್ತದೆ. 15 ಲಕ್ಷಕ್ಕೆ ಶೇಕಡಾ 7.5ರಂತೆ ವರ್ಷಕ್ಕೆ 1,12,500. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 9,375. ಪಾಸ್‌ಪುಸ್ತಕದಲ್ಲಿ ಬರುವುದು ಮಾತ್ರ ಸುಮಾರು 9,317. ಬ್ಯಾಂಕಿನವರು ತಿಂಗಳಿಗೆ 58 ರೂಪಾಯಿ ನುಂಗಿದರೆಂದು ಭಾವಿಸಬೇಕಾಗಿಲ್ಲ. ಬಡ್ಡಿಯು ಹುಟ್ಟುವುದು ತ್ರೈಮಾಸಿಕದ ಕೊನೆಯಲ್ಲಿ. ಅದನ್ನು ಮುಂಚಿತವಾಗಿ ತಿಂಗಳು ತಿಂಗಳು ಕೊಡುವಾಗ, ಮುಂಚಿತವಾಗಿ ಕೊಟ್ಟುದಕ್ಕೆ ತಕ್ಕಷ್ಟು ಸೋಡಿ ಕಳೆಯಲಾಗುತ್ತದೆ. ಮೂರು ತಿಂಗಳು 9,317ರಂತೆ ಪಡೆದು, ಅದನ್ನು ಅದೇ ದರದಲ್ಲಿ ಬೆಳೆಸಿದರೆ ತ್ರೈಮಾಸಿಕದ ಕೊನೆಗೆ 28,125 ಆಗುವಂತೆ ಈ ಲೆಕ್ಕವನ್ನು ಕಟ್ಟಲಾಗಿದೆ. ಒಂಬತ್ತನೆಯ ತರಗತಿಯ ಜಾಣ ವಿದ್ಯಾರ್ಥಿಗಳಿಗೆ ಇದನ್ನು ತಾಳೆ ನೋಡಲು ಕೊಡಬಹುದು.

ಈಗ ರಸೀದಿಯು ಹೇಳದೆ ಬಿಡುವ ಮಾತಿಗೆ ಬರೋಣ. ಮುದ್ರಿತವಾದ 18,74,575 ರೂಪಾಯಿ ತೆರಿಗೆ ಕಡಿತಕ್ಕೆ ಮುಂಚಿನ ಮೊತ್ತ. 60 ವರ್ಷ ತುಂಬಿದ ನಿವಾಸಿ ಠೇವಣಿದಾರರಿಗೆ ಒಂದು ಬ್ಯಾಂಕಿನಿಂದ ಒಂದು ಆರ್ಥಿಕ ವರ್ಷದಲ್ಲಿ ಸಲ್ಲುವ ಬಡ್ಡಿಯು 1,00,000 ರೂಪಾಯಿಗಳನ್ನು ಮೀರಿದರೆ ಬ್ಯಾಂಕು ಶೇಕಡಾ 10ರಷ್ಟನ್ನು ಮೂಲದಲ್ಲಿಯೇ ಕಡಿದು ಸರ್ಕಾರಕ್ಕೆ ಕಟ್ಟುತ್ತದೆ. ಇದೇ ಟಿಡಿಎಸ್. 2025ರ ಮಾರ್ಚ್ ಕೊನೆಯವರೆಗೆ ಈ ಮಿತಿ 50,000 ಆಗಿತ್ತು; 2025–26ನೆಯ ಆರ್ಥಿಕ ವರ್ಷದಿಂದ ಒಂದು ಲಕ್ಷವಾಯಿತು. ಮಿತಿಯನ್ನು ಮೀರಿದಾಗ ಹೆಚ್ಚುವರಿ ಭಾಗದ ಮೇಲೆ ಮಾತ್ರವಲ್ಲ, ಇಡೀ ಬಡ್ಡಿಯ ಮೇಲೆ ಕಡಿತವಾಗುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಲಿ. ಒಂದೇ ಬ್ಯಾಂಕಿನ ಬೇರೆ ಬೇರೆ ಶಾಖೆಗಳಲ್ಲಿ ಹಂಚಿ ಇಟ್ಟರೂ ಗಣಕದಲ್ಲಿ ಎಲ್ಲವನ್ನೂ ಕೂಡಿಸಿಯೇ ನೋಡಲಾಗುತ್ತದೆ.

ಹಣ ಕೈಗೆ ಬಾರದಿದ್ದರೂ ಕಡಿತವು ನಿಲ್ಲುವುದಿಲ್ಲ. ಕ್ಯುಮುಲೇಟಿವ್ ಠೇವಣಿಯಲ್ಲಿ ವರ್ಷ ವರ್ಷ ಸಂದ ಬಡ್ಡಿಯನ್ನು ಆಯಾ ವರ್ಷದ್ದೆಂದು ಎಣಿಸಿ ತೆರಿಗೆ ಕಡಿಯಲಾಗುತ್ತದೆ. ನಮ್ಮ ಮಾದರಿಯಲ್ಲಿ ಮೊದಲ ವರ್ಷದ ಬಡ್ಡಿ 1,15,704. ಮಿತಿ ಮೀರಿತು, 11,570 ರೂಪಾಯಿ ಕಡಿತವಾಗುತ್ತದೆ. ಈ ಹಣವನ್ನು ಠೇವಣಿಯ ಬಡ್ಡಿಯಿಂದಲೇ ತೆಗೆದರೆ ಎರಡನೆಯ ವರ್ಷದ ಬಡ್ಡಿಯು ಅಷ್ಟು ಕಡಿಮೆ ಮೊತ್ತದ ಮೇಲೆ ಬೆಳೆಯುತ್ತದೆ. ಲೆಕ್ಕ ಸುಲಭವಾಗಲೆಂದು ವರ್ಷಾಂತ್ಯದಲ್ಲಿ ಒಮ್ಮೆ ಕಡಿತವಾಗುತ್ತದೆಂದೂ ದರ ಮತ್ತು ಮಿತಿಗಳು ಬದಲಾಗುವುದಿಲ್ಲವೆಂದೂ ಇಟ್ಟುಕೊಂಡರೆ, ಎರಡನೆಯ ವರ್ಷ 12,374, ಮೂರನೆಯ ವರ್ಷ 13,233 ಕಡಿತವಾಗಿ, ಕೊನೆಗೆ ಕೈಸೇರುವುದು ಸುಮಾರು 18,34,590 ರೂಪಾಯಿ.

ರಸೀದಿಯ ಅಂಕಿಗಿಂತ ಇದು 39,985 ರೂಪಾಯಿ ಕಡಿಮೆ. ಅದರಲ್ಲಿ 37,177 ರೂಪಾಯಿ ತೆರಿಗೆ ಕಡಿತ. ಉಳಿದ 2,808 ರೂಪಾಯಿ ಆ ಕಡಿತವಾದ ಹಣವು ಠೇವಣಿಯಲ್ಲಿಯೇ ಇದ್ದಿದ್ದರೆ ಗಳಿಸುತ್ತಿದ್ದ ಬಡ್ಡಿ. ಈ ಎರಡು ಭಾಗಗಳನ್ನು ಬೇರ್ಪಡಿಸಿ ತೋರಿಸುವುದೇ ಪಾಠದ ತಿರುಳು. ತೆರಿಗೆ ಸಲ್ಲಬೇಕಾಗಿಲ್ಲದವರು ಆದಾಯ ತೆರಿಗೆಯ ವಿವರಪತ್ರ ಸಲ್ಲಿಸಿ ಮೊದಲ ಭಾಗವನ್ನು ಮರಳಿ ಪಡೆಯಬಹುದು. ಎರಡನೆಯ ಭಾಗವನ್ನು ಠೇವಣಿಗೆ ಮರಳಿಸುವವರು ಯಾರೂ ಇಲ್ಲ. ಕೆಲವು ಬ್ಯಾಂಕುಗಳು ಕಡಿತವನ್ನು ಠೇವಣಿಯಿಂದ ತೆಗೆಯದೆ ಉಳಿತಾಯ ಖಾತೆಯಿಂದ ವಸೂಲು ಮಾಡುವುದುಂಟು. ಆಗ ರಸೀದಿಯ ಮೊತ್ತ ಪೂರ್ತಿಯಾಗಿ ಬರುತ್ತದೆ, ಆದರೆ ಪಿಂಚಣಿ ಬರುವ ಖಾತೆಯಲ್ಲಿ ಕಾರಣ ತಿಳಿಯದ ಖರ್ಚೊಂದು ಕಾಣಿಸುತ್ತದೆ. ಪಾಸ್‌ಪುಸ್ತಕದಲ್ಲಿ ಟಿಡಿಎಸ್ ಎಂಬ ಮೂರಕ್ಷರದ ಸಾಲನ್ನು ಹುಡುಕಿದರೆ ಯಾವ ರೀತಿಯದೆಂದು ತಿಳಿಯುತ್ತದೆ.

ಹಾಗಾದರೆ ನಮ್ಮ ನಿವೃತ್ತ ಶಿಕ್ಷಕರಿಗೆ ತೆರಿಗೆ ಸಲ್ಲುವುದೇ? ಅವರ ಪಿಂಚಣಿ ತಿಂಗಳಿಗೆ 30,000, ವರ್ಷಕ್ಕೆ 3,60,000 ಎಂದಿರಲಿ. ಬಡ್ಡಿ ಸೇರಿ 4,75,704 ರೂಪಾಯಿ. 2025–26ರ ಹೊಸ ತೆರಿಗೆ ಪದ್ಧತಿಯಲ್ಲಿ ಪಿಂಚಣಿಯಿಂದ 75,000 ರೂಪಾಯಿಗಳ ಪ್ರಮಾಣಿತ ಕಡಿತವನ್ನು ಕಳೆದರೆ ಉಳಿಯುವುದು 4,00,704. ನಾಲ್ಕು ಲಕ್ಷದವರೆಗೆ ತೆರಿಗೆಯಿಲ್ಲ. ಮೇಲಿನ 704 ರೂಪಾಯಿಗೆ ಬರುವ ಅಲ್ಪ ತೆರಿಗೆಯೂ, ಹನ್ನೆರಡು ಲಕ್ಷದವರೆಗಿನ ಆದಾಯಕ್ಕೆ ದೊರೆಯುವ ರಿಯಾಯಿತಿಯಿಂದ ಶೂನ್ಯವಾಗುತ್ತದೆ. ಸಲ್ಲಬೇಕಾದ ತೆರಿಗೆ ಏನೂ ಇಲ್ಲದಿದ್ದರೂ 11,570 ರೂಪಾಯಿ ಕಡಿತವಾಯಿತು! ಬ್ಯಾಂಕಿಗೆ ಬಡ್ಡಿ ಗೊತ್ತು, ಒಟ್ಟು ಆದಾಯ ಗೊತ್ತಿಲ್ಲ.

ಅದನ್ನು ಬ್ಯಾಂಕಿಗೆ ತಿಳಿಸುವ ಸಾಧನವೇ ನಮೂನೆ 15ಎಚ್. 60 ವರ್ಷ ತುಂಬಿದವರು, ಆ ವರ್ಷದ ಅಂದಾಜು ಆದಾಯಕ್ಕೆ ತೆರಿಗೆ ಶೂನ್ಯವಾಗುವುದಾದರೆ, ಇದನ್ನು ಬ್ಯಾಂಕಿಗೆ ಕೊಡಬಹುದು, ಕೊಟ್ಟರೆ ಕಡಿತವಾಗುವುದಿಲ್ಲ. ಒಮ್ಮೆ ಕೊಟ್ಟರೆ ಮೂರು ವರ್ಷಕ್ಕೂ ಸಾಕೆಂದು ತಿಳಿಯುವವರು ಬಹಳ. ಅದು ಒಂದು ಆರ್ಥಿಕ ವರ್ಷಕ್ಕೆ ಮಾತ್ರ ಸಲ್ಲುತ್ತದೆ. ಪ್ರತಿ ಏಪ್ರಿಲಿನಲ್ಲಿ, ಠೇವಣಿಯಿರುವ ಪ್ರತಿ ಬ್ಯಾಂಕಿಗೂ ಹೊಸದಾಗಿ ಕೊಡಬೇಕು. ಮೊದಲ ಬಡ್ಡಿ ಸೇರುವ ಮುಂಚೆ ಕೊಟ್ಟರೆ ಒಳ್ಳೆಯದು. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಅನ್ವಯವಾಗುವುದರಿಂದ, ಆ ಮೇಲಿನ ವರ್ಷಗಳಿಗೆ ಹಳೆಯ ಪ್ರತಿಯನ್ನು ನಕಲು ಮಾಡದೆ ಬ್ಯಾಂಕಿನಲ್ಲಿ ಅಂದಿನ ನಮೂನೆಯನ್ನೇ ಕೇಳಿ ಪಡೆಯಬೇಕು. ಮಿತಿ ಮತ್ತು ದರಗಳನ್ನೂ ಹಾಗೆಯೇ ಆ ವರ್ಷದ್ದನ್ನು ವಿಚಾರಿಸಿಕೊಳ್ಳಬೇಕು.

ನಮೂನೆಯನ್ನು ಕೊಟ್ಟರೂ ಕಡಿತವಾದರೆ ಮೊದಲು ಪ್ಯಾನ್ ಸಂಖ್ಯೆಯನ್ನು ನೋಡಬೇಕು. ಬ್ಯಾಂಕಿನ ದಾಖಲೆಯಲ್ಲಿ ಸರಿಯಾದ ಪ್ಯಾನ್ ಇಲ್ಲದಿದ್ದರೆ 15ಎಚ್ ಊರ್ಜಿತವಾಗುವುದಿಲ್ಲ. ಮೇಲಾಗಿ ಕಡಿತವು ಶೇಕಡಾ 20ಕ್ಕೆ ಏರುತ್ತದೆ. ಮೊದಲ ವರ್ಷದ 11,570 ಇದ್ದಲ್ಲಿ 23,141 ಆಗುತ್ತದೆ. ಕಡಿತವಾದ ಹಣವು ಸರ್ಕಾರಕ್ಕೆ ಸಂದಿದೆಯೇ ಎಂಬುದು ಬ್ಯಾಂಕು ಕೊಡುವ ನಮೂನೆ 16ಎ ಪ್ರಮಾಣಪತ್ರದಿಂದಲೂ ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲಿ ಸಿಗುವ 26ಎಎಸ್ ಪಟ್ಟಿಯಿಂದಲೂ ತಿಳಿಯುತ್ತದೆ.

ಯಾವ ಪಾವತಿ ಕ್ರಮ ಒಳ್ಳೆಯದೆಂದು ಹಿರಿಯರು ಕೇಳಿದರೆ ದೊಡ್ಡ ಅಂಕಿಯನ್ನು ತೋರಿಸಿ ಉತ್ತರ ಹೇಳಬಾರದು. ಪಿಂಚಣಿಯಿಂದ ಮನೆ ನಡೆಯುವವರಿಗೆ ಕ್ಯುಮುಲೇಟಿವ್ ಸರಿ. ಔಷಧಿಗೂ ಮನೆವಾರ್ತೆಗೂ ಬಡ್ಡಿಯನ್ನೇ ನಂಬಿದವರು 18,74,575 ಎಂಬ ಅಂಕಿಗೆ ಮರುಳಾದರೆ, ನಡುವೆ ಠೇವಣಿ ಮುರಿಸಿ ಕಡಿಮೆ ದರದ ಬಡ್ಡಿಯನ್ನೂ ದಂಡವನ್ನೂ ಒಪ್ಪಿಕೊಳ್ಳಬೇಕಾಗುತ್ತದೆ. ಅಂಥವರಿಗೆ ತಿಂಗಳ 9,317 ರೂಪಾಯಿಯೇ ಲೇಸು. ಮಾಸಿಕ ಪಾವತಿಯಲ್ಲಿಯೂ ವರ್ಷದ ಬಡ್ಡಿ 1,11,804 ಆಗಿ ಮಿತಿಯನ್ನು ಮೀರುವುದರಿಂದ 15ಎಚ್ ಅಲ್ಲಿಯೂ ಬೇಕು.

ಅಭ್ಯಾಸಕ್ಕೆ: ಇದೇ ದರದಲ್ಲಿ, ಇದೇ ಅವಧಿಗೆ 12,00,000 ರೂಪಾಯಿಗಳ ಕ್ಯುಮುಲೇಟಿವ್ ಠೇವಣಿಯಿದೆ, ಠೇವಣಿದಾರರಿಗೆ 65 ವರ್ಷ, ಆ ಬ್ಯಾಂಕಿನಲ್ಲಿ ಬೇರೆ ಠೇವಣಿಯಿಲ್ಲ, ಮಿತಿಯು ಒಂದು ಲಕ್ಷವೇ ಇರುತ್ತದೆ. ಅವರು 15ಎಚ್ ಕೊಟ್ಟಿಲ್ಲ. ಎರಡು ವರ್ಷ ಕಡಿತವಾಗದೆ ಮೂರನೆಯ ವರ್ಷ ಕಡಿತವಾಯಿತು. ಏಕೆ? (ಶಿಕ್ಷಕರಿಗೆ: ವರ್ಷಾವಾರು ಬಡ್ಡಿ 92,563, 99,703, 1,07,394. ಮೂರನೆಯ ವರ್ಷ ಬಡ್ಡಿಯ ಮೇಲಣ ಬಡ್ಡಿಯಿಂದಲೇ ಮಿತಿ ದಾಟಿತು. ಕಡಿತ 10,739 ರೂಪಾಯಿ.)