ಟಿ1ರಿಂದ ಟಿ2ಕ್ಕೆ: ಹೊತ್ತು ಹೋಗುವುದು ಬಸ್ಸಿನಲ್ಲಲ್ಲ

ಬೆಂಗಳೂರು ಕೆಂಪೇಗೌಡ ವಿಮಾನ ನಿಲ್ದಾಣದ ಎರಡು ಟರ್ಮಿನಲ್‌ಗಳ ನಡುವೆ ಒಂದು ಕಿಲೋಮೀಟರೂ ಇಲ್ಲ. ಮುಂಬೈಯಲ್ಲೋ ದೆಹಲಿಯಲ್ಲೋ ರನ್‌ವೇ ಸುತ್ತಿಕೊಂಡು ಊರಿನ ಟ್ರಾಫಿಕ್‌ನಲ್ಲಿ ಹೋಗಬೇಕಾದವರಿಗೆ ಇದೊಂದು ಲೆಕ್ಕವೇ ಅಲ್ಲ. ಆದರೂ ಮಂಗಳೂರಿನಿಂದ ಬಂದು ಇಲ್ಲಿ ವಿದೇಶದ ವಿಮಾನ ಹಿಡಿಯುವ ನಮ್ಮಂಥವರು ಪೇಚಿಗೆ ಸಿಕ್ಕುವುದು ಈ ಒಂದು ಕಿಲೋಮೀಟರಿನಲ್ಲಿಯೇ.

2023ರ ಸೆಪ್ಟೆಂಬರ್‌ನಿಂದ ವಿದೇಶದ ವಿಮಾನಗಳೆಲ್ಲ ಟಿ2ರಿಂದ ಹೊರಡುತ್ತವೆ. ಇಂಡಿಗೊದ ದೇಶೀಯ ವಿಮಾನಗಳು ಬಹುಪಾಲು ಇಳಿಯುವುದು ಟಿ1ರಲ್ಲಿ. ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನದು ಟಿ2. ಅಂದರೆ ಒಂದೇ ಊರಿನಿಂದ ಬಂದರೂ ಯಾವ ವಿಮಾನ ಹತ್ತಿದಿರಿ ಎಂಬುದರ ಮೇಲೆ ಬಸ್ಸು ಬೇಕೋ ಬೇಡವೋ ನಿರ್ಧಾರವಾಗುತ್ತದೆ. ಈ ಹಂಚಿಕೆ ಆಗಾಗ ಬದಲಾಗುವುದರಿಂದ ಟಿಕೆಟ್ಟಿನಲ್ಲಿ ಊರಿನ ಹೆಸರಿನ ಪಕ್ಕದಲ್ಲಿರುವ T1, T2 ಅಕ್ಷರಗಳನ್ನು ನಾನು ದರಕ್ಕಿಂತ ಮೊದಲು ನೋಡುತ್ತೇನೆ.

ಅಮ್ಮ ಜರ್ಮನಿಯಲ್ಲಿರುವ ತಂಗಿಯ ಮನೆಗೆ ಹೊರಟಾಗ ವಿಮಾನ ರಾತ್ರಿ 1:30ಕ್ಕೆ. ಮಂಗಳೂರಿನಿಂದ ನಮಗೆ ಹೊಂದಿದ್ದು ರಾತ್ರಿ 9ಕ್ಕೆ ಟಿ1ರಲ್ಲಿ ಇಳಿಯುವ ವಿಮಾನ. ಎರಡೂ ಬೇರೆ ಬೇರೆ ಟಿಕೆಟ್. “ನಾಲ್ಕೂವರೆ ಗಂಟೆ ಕೂತು ಏನು ಮಾಡುವುದು ಮಾರಾಯ? 10:30ಕ್ಕೆ ಇಳಿಯುವುದು ಸಾಕಲ್ಲ” ಎಂದರು ಭಾವ. ನಾನು ಕಾಗದ ತೆಗೆದು ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕಿ ತೋರಿಸಿದೆ.

ನೋಡಬೇಕಾದ್ದು ವಿಮಾನ ಹೊರಡುವ ಹೊತ್ತನ್ನಲ್ಲ, ಚೆಕ್‌ಇನ್ ಕೌಂಟರ್ ಮುಚ್ಚುವ ಹೊತ್ತನ್ನು. ಹೆಚ್ಚಿನ ಕಂಪನಿಗಳು ವಿದೇಶದ ವಿಮಾನಕ್ಕೆ ಒಂದು ಗಂಟೆ ಮೊದಲೇ ಮುಚ್ಚುತ್ತವೆ, ಕೆಲವು ಅದಕ್ಕೂ ಮುಂಚೆ. ಹಾಗಾಗಿ ನಮ್ಮ ಗಡುವು 12:30. ಇನ್ನು ಆ ಕಡೆಯಿಂದ: ವಿಮಾನ ನೆಲ ಮುಟ್ಟಿ, ನಿಂತು, ಬಾಗಿಲು ತೆರೆದು, ಬೆಲ್ಟಿನಲ್ಲಿ ಸೂಟ್‌ಕೇಸ್ ಬಂದು ಹೊರಗೆ ಕಾಲಿಡಲು ಮುಕ್ಕಾಲು ಗಂಟೆ. ಷಟಲ್ ಬಸ್ಸಿಗೆ ಕಾದು, ಹತ್ತಿ, ಟಿ2ರಲ್ಲಿ ಇಳಿಯಲು 25 ನಿಮಿಷ. ಸಿಐಎಸ್‌ಎಫ್‌ನವರಿಗೆ ಬಾಗಿಲಲ್ಲಿ ಪಾಸ್‌ಪೋರ್ಟ್, ಟಿಕೆಟ್ ತೋರಿಸಿ ಕೌಂಟರಿನ ಸಾಲು ಸೇರಲು ಇನ್ನೊಂದು 20. ಒಟ್ಟು ಒಂದೂವರೆ ಗಂಟೆ. ಅದರಲ್ಲಿ ಬಸ್ಸು ಓಡುವುದು ಬರೀ ನಾಲ್ಕೈದು ನಿಮಿಷ!

9ಕ್ಕೆ ಇಳಿದರೆ 10:30ಕ್ಕೆ ಕೌಂಟರ್ ಎದುರು. ಅನೇಕ ಕಂಪನಿಗಳ ಕೌಂಟರ್ ತೆರೆಯುವುದೇ ಮೂರು ಗಂಟೆ ಮೊದಲು, ಅಂದರೆ ಆಗಲೇ. ಗಡುವಿಗೆ ಎರಡು ಗಂಟೆ ಉಳಿಯಿತು. ಭಾವ ಹೇಳಿದ ವಿಮಾನವಾದರೆ ಉಳಿಯುವುದು ಅರ್ಧ ಗಂಟೆ. ಮಂಗಳೂರಿನಲ್ಲಿ ಮಳೆಗಾಲದ ಒಂದು ಮೋಡ ಸಾಕು ಅದನ್ನು ನುಂಗಲು. ಎರಡೂ ಪ್ರಯಾಣ ಒಂದೇ ಪಿಎನ್‌ಆರ್‌ನಲ್ಲಿದ್ದರೆ ತಡವಾದಾಗ ಮುಂದಿನ ವಿಮಾನಕ್ಕೆ ಹತ್ತಿಸುವ ಹೊಣೆ ಕಂಪನಿಯದು, ಸಾಮಾನೂ ಸಾಮಾನ್ಯವಾಗಿ ನೇರ ಹೋಗುತ್ತದೆ. ಬೇರೆ ಬೇರೆ ಟಿಕೆಟ್ ಆದರೆ ಎರಡನೆಯ ಕಂಪನಿಯ ಕಣ್ಣಿಗೆ ನೀವು ಬಾರದೇ ಉಳಿದ ಪ್ರಯಾಣಿಕ, ಅಷ್ಟೆ.

ಷಟಲ್ ಉಚಿತ, ಹಗಲೂ ರಾತ್ರಿಯೂ ಓಡುತ್ತದೆ. ಹೆಗಲಿಗೆ ಒಂದು ಚೀಲ ಮಾತ್ರ ಇದ್ದಾಗ ನಾನು ನಡೆದೇ ಹೋಗಿದ್ದೇನೆ, ಕಾಯುವುದಕ್ಕಿಂತ ಅದೇ ವಾಸಿ ಅನ್ನಿಸಿದೆ. ಹಪ್ಪಳ, ಸಂಡಿಗೆ, ಕುಚ್ಚಲಕ್ಕಿ ತುಂಬಿದ ಎರಡು ಸೂಟ್‌ಕೇಸ್ ಇದ್ದರೆ ಆ ಮಾತೇ ಬೇಡ. ಟ್ಯಾಕ್ಸಿಯವರು ಇಷ್ಟು ಹತ್ತಿರದ ಬಾಡಿಗೆಗೆ ಮುಖ ಕೊಡುವುದಿಲ್ಲ, ಕೊಟ್ಟರೂ ಉಳಿತಾಯವಿಲ್ಲ.

ಅಮ್ಮನಿಗೆ ಮಂಡಿನೋವು, ಹಾಗಾಗಿ ವ್ಹೀಲ್‌ಚೇರ್ ಕೇಳಿದ್ದೆವು. ಬೇರೆ ಬೇರೆ ಟಿಕೆಟ್ ಇದ್ದಾಗ ಮೊದಲ ಕಂಪನಿಯ ಕುರ್ಚಿ ನಮ್ಮನ್ನು ಬಿಟ್ಟದ್ದು ಟಿ1ರ ಹೊರಗೆ. ಎರಡನೆಯ ಕಂಪನಿಯದು ಸಿಕ್ಕಿದ್ದು ಟಿ2ರ ಒಳಗೆ, ಕೌಂಟರಿನಲ್ಲಿ. ನಡುವಿನ ಬಸ್ಸಿನ ಮೆಟ್ಟಿಲು, ಇಳಿದ ಮೇಲಿನ ನಡಿಗೆ ಎಲ್ಲ ನಮ್ಮ ಪಾಲಿಗೆ. ಹಿರಿಯರನ್ನು ಒಂಟಿಯಾಗಿ ಕಳಿಸುವವರು ನೆಂಟರನ್ನೋ ಪರಿಚಯದವರನ್ನೋ ಟಿ1ರ ಹೊರಗೆ ನಿಲ್ಲಿಸಿಕೊಳ್ಳುವುದು ಒಳ್ಳೆಯದು. ನನ್ನ ಮಟ್ಟಿಗೆ ಇದು ದರದ ಉಳಿತಾಯಕ್ಕಿಂತ ದೊಡ್ಡ ವಿಷಯ.

ವಾಪಸು ಬರುವಾಗ ಲೆಕ್ಕ ಇನ್ನೂ ಉದ್ದ. ಒಂದೇ ಟಿಕೆಟ್ ಇದ್ದರೂ ದೇಶದೊಳಗೆ ಕಾಲಿಟ್ಟ ಮೊದಲ ನಿಲ್ದಾಣದಲ್ಲಿ ಸಾಮಾನು ಬಿಡಿಸಿಕೊಂಡು ಕಸ್ಟಮ್ಸ್ ದಾಟಬೇಕು, ಆಮೇಲೆ ಮತ್ತೆ ಒಪ್ಪಿಸಬೇಕು. ಅದಕ್ಕೂ ಮೊದಲು ಇಮಿಗ್ರೇಷನ್ ಸಾಲು. ನಾಲ್ಕಾರು ದೊಡ್ಡ ವಿಮಾನಗಳು ಒಟ್ಟಿಗೆ ಇಳಿದ ರಾತ್ರಿ ಅದೊಂದೇ ಒಂದು ಗಂಟೆ ತಿಂದರೂ ತಿಂದೀತು. ಹಾಗಾಗಿ ಅಮ್ಮನ ವಾಪಸಿಗೆ ಎರಡು ಗಂಟೆ ತಡವಾದರೂ ಟಿ2ರಿಂದಲೇ ಹೊರಡುವ ಮಂಗಳೂರು ವಿಮಾನವನ್ನೇ ಕಾದಿರಿಸಿದೆವು. ದರ ಸ್ವಲ್ಪ ಜಾಸ್ತಿಯಾಯಿತು. ಈ ಸಲ ಭಾವ ಚಕಾರವೆತ್ತಲಿಲ್ಲ.